ಊರಿನಲ್ಲಿ ಇಲ್ಲದಾಗ ಮನೆ, ಗಿಡ ನೋಡಿಕೊಂಡ ನೆರೆಮನೆಯವರಿಗೆ ಚೀಟಿ ಬರೆಯುವ ಬಗೆ

ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿದ್ದು ಬಂದವರು ನೆರೆಮನೆಯವರಿಗೆ ಬರೆಯುವ ಚೀಟಿ ಸಾಮಾನ್ಯವಾಗಿ ಮೂರು ಸಾಲಿಗೆ ಮುಗಿದುಹೋಗುತ್ತದೆ. ಮನಸ್ಸಿನಲ್ಲಿ ಉಪಕಾರದ ನೆನಪು ಬೇಕಾದಷ್ಟು ಇರುತ್ತದೆ, ಆದರೆ ಅವರು ಏನೇನು ಮಾಡಿದರು ಎಂಬುದು ಬರೆಯುವವರಿಗೆ ಗೊತ್ತಿರುವುದಿಲ್ಲ, ಏಕೆಂದರೆ ಆ ದಿನಗಳಲ್ಲಿ ಅವರು ಮನೆಯಲ್ಲಿ ಇರಲೇ ಇಲ್ಲ. ಹಾಗಾಗಿ ಚೀಟಿ ಬರೆಯುವುದಕ್ಕೆ ಕುಳಿತ ಕೂಡಲೇ ‘ಹೃತ್ಪೂರ್ವಕ’, ‘ಚಿರಋಣಿ’ ಮುಂತಾದ ಸಿದ್ಧ ಶಬ್ದಗಳು ಕೈಗೆ ಬರುತ್ತವೆ. ಅವುಗಳ ಬದಲು ಅವರು ನಿಜವಾಗಿ ಮಾಡಿದ ಒಂದೆರಡು ಕೆಲಸಗಳನ್ನು ಹೆಸರಿಸಿ ಬರೆಯುವುದು ಹೇಗೆ ಎಂಬುದನ್ನು, ಶಿರಸಿಯ ಹೊರವಲಯದ ನಮ್ಮದೇ ಮನೆಯ ಉದಾಹರಣೆಯಿಂದ ಇಲ್ಲಿ ವಿವರಿಸುತ್ತೇನೆ.

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಏಪ್ರಿಲ್ 2ರಂದು ಪುಣೆಗೆ ಹೋದವರು ಹಿಂದಿರುಗಿದ್ದು ಮೇ 18ರ ರಾತ್ರಿ. ಅಷ್ಟು ದಿನ ಅಂಗಳದ 26 ಕುಂಡಗಳು, ಹಿತ್ತಿಲಿನ ಬಸಳೆ ಚಪ್ಪರ, ತುಳಸಿ ಕಟ್ಟೆ ಮತ್ತು ಹಂಚಿನ ಮನೆ, ಇವೆಲ್ಲವೂ ಪಕ್ಕದ ಮನೆಯವರ ಮೇಲಿದ್ದವು. ಆ ಮನೆಯಾಕೆಯನ್ನು ನಾನು ಅಕ್ಕ ಎಂದೂ, ಅವರ ಯಜಮಾನರನ್ನು ಭಾವ ಎಂದೂ ಕರೆಯುತ್ತೇನೆ. ಒಂಬತ್ತನೇ ತರಗತಿಗೆ ಹೋಗಬೇಕಿದ್ದ ಅವರ ಮಗ ರಜೆಯಲ್ಲಿ ಮನೆಯಲ್ಲೇ ಇದ್ದ.

ಮೊದಲು ಮನೆ ಸುತ್ತಿ ನೋಡಬೇಕು

ಬಂದ ಮರುದಿನ ಬೆಳಿಗ್ಗೆ, ಪೊರಕೆ ಹಿಡಿಯುವುದಕ್ಕೂ ಕುಂಡಗಳನ್ನು ಮೊದಲಿನ ಜಾಗಕ್ಕೆ ಸರಿಸುವುದಕ್ಕೂ ಮುನ್ನ, ಮನೆಯನ್ನು ಒಳಗೂ ಹೊರಗೂ ಒಂದು ಸುತ್ತು ನಿಧಾನವಾಗಿ ನೋಡಬೇಕು. ಗುಡಿಸಿ ಒರೆಸಿದ ಮೇಲೆ ಬಹಳಷ್ಟು ಕುರುಹುಗಳು ಅಳಿಸಿಹೋಗುತ್ತವೆ. ಒಂದು ಹಾಳೆ ಮತ್ತು ಪೆನ್ಸಿಲ್ ಜೊತೆಗಿದ್ದರೆ ಸಾಕು. ‘ಏನು ಹಾಳಾಗಿದೆ’ ಎಂದು ಹುಡುಕುವ ಕಣ್ಣು ನಮಗೆ ತಾನಾಗಿಯೇ ಬರುತ್ತದೆ. ಈ ಸುತ್ತಿನಲ್ಲಿ ಹುಡುಕಬೇಕಾದದ್ದು ನಾವು ಬಿಟ್ಟುಹೋದ ಸ್ಥಿತಿಗಿಂತ ಬೇರೆಯಾಗಿರುವುದು ಏನು ಮತ್ತು ಅದು ಹಾಗಾಗಲು ಯಾರಾದರೂ ಏನು ಮಾಡಿರಬೇಕು ಎಂಬುದನ್ನು.

ನಮ್ಮ ಜಗಲಿಯ ಪಶ್ಚಿಮದ ಅಂಚಿನಲ್ಲಿ ಆರು ಅಂಥೂರಿಯಂ ಕುಂಡಗಳಿದ್ದವು. ಈಗ ಅಲ್ಲಿ ಆರು ದುಂಡನೆಯ ನೀರಿನ ಕಲೆಗಳು ಮಾತ್ರ ಉಳಿದಿದ್ದು, ಕುಂಡಗಳು ಚಿಕ್ಕುಮರದ ಬುಡಕ್ಕೆ ಹೋಗಿದ್ದವು. ಹತ್ತಿರ ಹೋಗಿ ನೋಡಿದರೆ ಹಳೆಯ ಎಲೆಗಳ ಅಂಚು ಕಂದಾಗಿ ಸುಟ್ಟಿತ್ತು, ನಡುವಿನಿಂದ ಬಂದ ಹೊಸ ಎಲೆಗಳು ಮಾತ್ರ ಪೂರ್ತಿ ಹಸಿರಾಗಿದ್ದವು. ಅಂಥೂರಿಯಂ ನೆರಳಿನ ಗಿಡ. ಏಪ್ರಿಲ್ ತಿಂಗಳ ಇಳಿಹೊತ್ತಿನ ಬಿಸಿಲು ಎಲೆಯನ್ನು ಸುಡುತ್ತದೆ. ಎಲೆಗಳು ಸುಡತೊಡಗಿದ್ದನ್ನು ಅಕ್ಕ ಗಮನಿಸಿ, ಆರು ಭಾರವಾದ ಮಣ್ಣಿನ ಕುಂಡಗಳನ್ನು ನೆರಳಿಗೆ ಹೊತ್ತಿದ್ದರು. ನಾನು ಹೇಳಿಹೋಗಿದ್ದು ನೀರು ಹಾಕುವುದನ್ನು ಮಾತ್ರ. ಚೀಟಿಗೆ ಬೇಕಾದದ್ದು ಇಂಥ ಸಂಗತಿ: ನಾವು ಕೇಳಿಕೊಳ್ಳದಿದ್ದರೂ ಅವರು ನೋಡಿ, ಯೋಚಿಸಿ ಮಾಡಿದ ಕೆಲಸ.

ಕುಂಡಗಳ ಮಣ್ಣಿಗೆ ಬೆರಳಿಟ್ಟು ನೋಡಿದಾಗ ಮೇಲೆ ಒಂದು ಪದರ ದರಕು ಹಾಸಿದ್ದು ಕೈಗೆ ಸಿಕ್ಕಿತು. ಅದರ ಕೆಳಗೆ ಒಂದು ಗೆಣ್ಣಿನಷ್ಟು ಆಳದಲ್ಲಿ ಮಣ್ಣು ತಂಪಾಗಿತ್ತು. ತೋಟದಲ್ಲಿ ಬುಡಕ್ಕೆ ಸೊಪ್ಪು ಹಾಸುವುದು ನಮ್ಮ ಕಡೆ ಎಲ್ಲರೂ ಬಲ್ಲ ವಿಷಯವಾದರೂ, ಬೇರೆಯವರ ಮನೆಯ ಹೂಕುಂಡಕ್ಕೆ ಯಾರೂ ಸುಮ್ಮನೆ ದರಕು ತಂದು ಹಾಕುವುದಿಲ್ಲ. ಬಾವಿಯಲ್ಲಿ ನೀರು ಕಡಿಮೆಯಾಗಿದೆ, ಇದ್ದ ನೀರಿನಲ್ಲೇ ಗಿಡ ಉಳಿಸಬೇಕು ಎಂಬ ಲೆಕ್ಕ ಅದರ ಹಿಂದೆ ಇತ್ತು.

ಅಟ್ಟದ ಮೇಲೆ ಇನ್ನೊಂದು ಸಂಗತಿ ಕಂಡಿತು. ಹಂಚಿನ ಮಾಡಿನಲ್ಲಿ ಹಳೆಯ ಕಪ್ಪು ಹಂಚುಗಳ ನಡುವೆ ಕೆಂಪಾದ ಒಂದು ಹಂಚು ಕೂತಿತ್ತು, ಅದರ ನೇರ ಕೆಳಗೆ ನಮ್ಮದಲ್ಲದ ಒಂದು ಬೋಗುಣಿ ಇತ್ತು. ಮಂಗಗಳು ಮಾಡಿನ ಮೇಲೆ ಹಾರಿ ಹಂಚು ಒಡೆಯುವುದು ಇಲ್ಲಿ ಹೊಸತಲ್ಲ. ಆದರೆ ಬೇಸಿಗೆಯ ನಡುವೆ ಬರುವ ಗುಡುಗು ಮಳೆಯಲ್ಲಿ ಮುಚ್ಚಿದ ಮನೆಯೊಳಗೆ ನೀರು ಬೀಳುತ್ತಿರುವುದನ್ನು ಯಾರೋ ಒಳಗೆ ಬಂದು ನೋಡಿದ್ದರಿಂದಲೇ ಪಕ್ಕದಲ್ಲಿದ್ದ ಡೇರೆ ಗಡ್ಡೆಯ ಬುಟ್ಟಿ ಉಳಿದಿತ್ತು. ಮಳೆಗಾಲದಲ್ಲಿ ನೆಡಲೆಂದು ಮರಳಿನಲ್ಲಿ ಹುಗಿದಿಡುವ ಆ ಗಡ್ಡೆಗಳು ಮರಳು ತೀರ ಒಣಗಿದರೆ ಸುಕ್ಕುಗಟ್ಟುತ್ತವೆ, ನೀರು ನಿಂತರೆ ಕೊಳೆಯುತ್ತವೆ. ಬುಟ್ಟಿಯ ಮೇಲೆ ಹಳೆಯ ಒಂದು ತಗಡು ಮುಚ್ಚಿತ್ತು, ಅಂಚಿಗೆ ಇಲಿ ಬಾರದಂತೆ ಎರಡು ಕಲ್ಲು ಇಟ್ಟಿತ್ತು. ನಾನು ಆ ಬುಟ್ಟಿಯ ವಿಷಯವನ್ನು ಹೇಳಿಹೋಗುವುದನ್ನೇ ಮರೆತಿದ್ದೆ.

ಹೀಗೆ ಒಂದು ಗಂಟೆಯ ಸುತ್ತಿನಲ್ಲಿ ಹಾಳೆಯ ಮೇಲೆ ಹತ್ತು ಹನ್ನೆರಡು ಸಂಗತಿಗಳು ಸೇರಿದವು. ಎಲ್ಲವನ್ನೂ ಚೀಟಿಯಲ್ಲಿ ಬರೆಯಬಾರದು. ಹತ್ತು ಕೆಲಸಗಳ ಪಟ್ಟಿ ಓದುವವರಿಗೆ ಹಾಜರಿ ಪುಸ್ತಕದಂತೆ ಕಾಣುತ್ತದೆ. ಅವುಗಳಲ್ಲಿ ಎರಡನ್ನು, ಹೆಚ್ಚೆಂದರೆ ಮೂರನ್ನು ಆರಿಸಿಕೊಳ್ಳಬೇಕು. ಆರಿಸುವಾಗ ನಾವು ಹೇಳದೇ ಅವರೇ ಮಾಡಿದ್ದಕ್ಕೆ ಮೊದಲ ಸ್ಥಾನ ಕೊಡಬೇಕು. ಉಳಿದವುಗಳನ್ನು ಮುಂದಿನ ದಿನಗಳಲ್ಲಿ ಬೇಲಿಯ ಬಳಿ ನಿಂತು ಮಾತನಾಡುವಾಗ ಒಂದೊಂದಾಗಿ ನೆನೆಯಬಹುದು.

ಕೇಳಿ ತಿಳಿಯಬೇಕಾದದ್ದು

ಕಣ್ಣಿಗೆ ಕಾಣದ ಕೆಲಸಗಳೂ ಇರುತ್ತವೆ. ‘ಏನೇನು ಮಾಡಿದಿರಿ’ ಎಂದು ನೇರವಾಗಿ ಕೇಳಿದರೆ ನಮ್ಮ ಕಡೆ ಯಾರೂ ಹೇಳುವುದಿಲ್ಲ. ‘ಅದೆಂಥ ದೊಡ್ಡ ಕೆಲಸ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಮಳೆ ಯಾವಾಗ ಬಂತು, ಬಾವಿ ಹೇಗಿತ್ತು, ಮಂಗಗಳ ಕಾಟ ಇತ್ತೇ’ ಎಂದು ಊರಿನ ಸುದ್ದಿಯನ್ನು ಕೇಳಿದರೆ ಅದರ ಜೊತೆಗೆ ಇದೂ ಬರುತ್ತದೆ. ಮನೆಯ ಮಕ್ಕಳು ಇನ್ನೂ ಸಲೀಸಾಗಿ ಹೇಳುತ್ತಾರೆ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಕೊಡದಲ್ಲಿ ಕೂಡಿಟ್ಟು ಸಂಜೆ ನಮ್ಮ ಬಸಳೆಗೆ ಹಾಕುತ್ತಿದ್ದರೆಂಬುದೂ, ಆ ಕೊಡ ಹೊತ್ತವನು ತಾನೇ ಎಂಬುದೂ ನಮಗೆ ತಿಳಿದದ್ದು ಹುಡುಗನಿಂದ.

ಇದೇ ಮಾತುಕತೆಯಲ್ಲಿ ಹಣದ ವಿಷಯವನ್ನೂ ಮುಗಿಸಿಕೊಳ್ಳಬೇಕು. ಕರೆಂಟ್ ಬಿಲ್ ಕಟ್ಟಿದ್ದು, ಹಂಚು ತಂದದ್ದು, ಕೂಲಿಯವರಿಗೆ ಕೊಟ್ಟಿದ್ದು ಇವುಗಳ ಲೆಕ್ಕ ಕೇಳಿ, ಚೀಟಿ ಕೊಡುವುದಕ್ಕೆ ಮೊದಲೇ, ಬೇರೆಯಾಗಿ ಕೊಟ್ಟುಬಿಡಬೇಕು. ಚೀಟಿಯಿರುವ ಲಕೋಟೆಯೊಳಗೆ ನೋಟುಗಳನ್ನು ಇಟ್ಟರೆ ಅವರು ಮಾಡಿದ ಉಪಕಾರಕ್ಕೆ ನಾವು ಕೂಲಿ ಕೊಟ್ಟಂತಾಗುತ್ತದೆ, ಮತ್ತು ಅದನ್ನು ವಿವರಿಸಿ ಸರಿಪಡಿಸುವುದು ಬಹಳ ಕಷ್ಟ.

ಸಂಬೋಧನೆ ಮತ್ತು ಮಾತಿನ ಆಯ್ಕೆ

ಬಾಯಲ್ಲಿ ಹೇಗೆ ಕರೆಯುತ್ತೇವೋ ಕಾಗದದಲ್ಲಿಯೂ ಹಾಗೆಯೇ ಕರೆಯಬೇಕು. ದಿನವೂ ‘ಅಕ್ಕಾ’ ಎಂದು ಕರೆಯುವವರಿಗೆ ‘ಮಾನ್ಯರೇ’ ಎಂದು ಬರೆದರೆ ಇಪ್ಪತ್ತು ವರ್ಷದ ಬಳಕೆ ಒಮ್ಮೆಲೇ ದೂರವಾಗುತ್ತದೆ. ನಿವೃತ್ತ ಶಿಕ್ಷಕಿಯಾಗಿದ್ದು ಊರೆಲ್ಲ ‘ಅಕ್ಕೋರು’ ಎನ್ನುವವರಿದ್ದರೆ ‘ಅಕ್ಕೋರಿಗೆ ನಮಸ್ಕಾರಗಳು’ ಎಂಬುದೇ ಸರಿಯಾದ ಆರಂಭ. ಅಂತಹವರ ಯಜಮಾನರೂ ಮಾಸ್ತರರಾಗಿದ್ದರೆ ಇಬ್ಬರನ್ನೂ ಸೇರಿಸಿ ಬರೆಯಬೇಕು. ಅತ್ತಿಗೆ, ಮಾವ, ತಮ್ಮ ಎಂಬ ಬಳಕೆಯಿದ್ದರೆ ಅದೇ ಇರಲಿ. ಹಳೆಯ ಪತ್ರಗಳಲ್ಲಿ ಬರುವ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆ ದೂರದ ಊರಿನವರಿಗಾಗಿ ಇದ್ದದ್ದು. ಬೇಲಿಯಾಚೆಯವರಿಗೆ ಅದರ ಅಗತ್ಯವಿಲ್ಲ.

ನಾನು ಮೊದಲು ಬರೆದ ಕರಡು ಹೀಗಿತ್ತು:

> ಮಾನ್ಯರೇ, ನಾವು ಊರಿನಲ್ಲಿ ಇಲ್ಲದ ಸಮಯದಲ್ಲಿ ನಮ್ಮ ಮನೆ ಹಾಗೂ ಗಿಡಗಳನ್ನು ನೋಡಿಕೊಂಡಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮಗೆ ಬಹಳ ತೊಂದರೆ ಕೊಟ್ಟೆವು, ಕ್ಷಮೆಯಿರಲಿ. ತಮ್ಮ ಉಪಕಾರಕ್ಕೆ ನಾವು ಚಿರಋಣಿಗಳು. ಮುಂದೆಯೂ ತಮ್ಮ ಸಹಕಾರ ಹೀಗೆಯೇ ಇರಲಿ.

ಇದನ್ನು ಗಟ್ಟಿಯಾಗಿ ಓದಿಕೊಂಡಾಗ ಸಭೆಯ ಕೊನೆಯಲ್ಲಿ ನಡೆಯುವ ವಂದನಾರ್ಪಣೆ ಕೇಳಿದಂತಾಯಿತು. ಪಕ್ಕದ ಮನೆಯವರ ಬದಲು ಯಾರ ವಿಳಾಸ ಬರೆದರೂ ಈ ಚೀಟಿ ಹೊಂದುತ್ತದೆ, ಮತ್ತು ಅದೇ ಇದರ ದೊಡ್ಡ ದೋಷ. ‘ತೊಂದರೆ ಕೊಟ್ಟೆವು, ಕ್ಷಮೆಯಿರಲಿ’ ಎಂಬ ಸಾಲು ಅವರು ಮಾಡಿದ ಕೆಲಸದಿಂದ ಗಮನವನ್ನು ನಮ್ಮ ಸಂಕೋಚದ ಕಡೆಗೆ ತಿರುಗಿಸುತ್ತದೆ. ಓದಿದವರು ‘ಇಲ್ಲ ಇಲ್ಲ, ತೊಂದರೆಯೇನಿಲ್ಲ’ ಎಂದು ನಮ್ಮನ್ನೇ ಸಮಾಧಾನಪಡಿಸಬೇಕಾಗುತ್ತದೆ. ‘ಚಿರಋಣಿ’ ಎಂಬುದು ತೂಕದ ಶಬ್ದ. ಪ್ರಾಣ ಉಳಿಸಿದ ಸಂದರ್ಭಕ್ಕೆ ಇರುವ ಅದನ್ನು ಗಿಡಕ್ಕೆ ನೀರು ಹಾಕಿದ್ದಕ್ಕೆ ಬಳಸಿದರೆ ಆ ಶಬ್ದವನ್ನು ಯಾರೂ ನಂಬುವುದಿಲ್ಲ. ಕೊನೆಯ ಸಾಲಿನಲ್ಲಿ ನಾವು ಅರಿಯದೆಯೇ ಮುಂದಿನ ಪ್ರವಾಸಕ್ಕೂ ಅವರನ್ನು ಗೊತ್ತುಮಾಡಿಕೊಂಡಿರುತ್ತೇವೆ. ಕೃತಜ್ಞತೆ ಹೇಳುವ ಚೀಟಿಯಲ್ಲಿ ಹೊಸ ಕೋರಿಕೆ, ಎಷ್ಟೇ ಸಣ್ಣದಾಗಿದ್ದರೂ, ಇರಬಾರದು.

‘ಧನ್ಯವಾದ’ ಎಂಬ ಶಬ್ದವನ್ನು ಬಿಡಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಆಪ್ತರ ನಡುವೆ ಅದು ತುಸು ದೂರದ ಮಾತು. ‘ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಳಕೆಯಲ್ಲಿದ್ದದ್ದು, ಈಗಲೂ ಕೇಳಲು ಸಹಜವಾಗಿದೆ. ಯಾವುದನ್ನೇ ಆರಿಸಿದರೂ ಚೀಟಿಯಲ್ಲಿ ಒಮ್ಮೆ ಬಂದರೆ ಸಾಕು, ಅದೂ ಕೆಲಸದ ವಿವರ ಹೇಳಿದ ನಂತರ. ಪ್ರವಾಸದ ವರ್ಣನೆ, ಅಲ್ಲಿ ನೋಡಿದ ಜಾಗ, ಮೊಮ್ಮಗುವಿನ ಸುದ್ದಿ ಇವೆಲ್ಲ ಬಾಯಿಮಾತಿಗೆ ಇರಲಿ; ಚೀಟಿ ಅವರ ಕುರಿತಾಗಿಯೇ ಇರಬೇಕು.

ಸತ್ತುಹೋದ ಗಿಡದ ವಿಷಯ

ದೀರ್ಘ ಪ್ರವಾಸದಿಂದ ಬಂದಾಗ ಒಂದೆರಡು ಗಿಡಗಳು ಹೋಗಿರುವುದು ಸಾಮಾನ್ಯ. ಅದನ್ನು ಚೀಟಿಯಲ್ಲಿ ಹೇಳಬೇಕೇ ಬಿಡಬೇಕೇ ಎಂಬಲ್ಲಿ ಬಹಳ ಜನ ತಡವರಿಸುತ್ತಾರೆ. ನೋಡಿಕೊಂಡವರಿಗೆ ಗೊತ್ತಿಲ್ಲದ ಹಾನಿಯಾಗಿದ್ದರೆ ಹೇಳಬೇಕಾಗಿಲ್ಲ. ಆದರೆ ಅವರಿಗೆ ಗೊತ್ತಿದ್ದು, ಅವರ ಮನಸ್ಸಿನಲ್ಲಿ ಅದು ಕೊರೆಯುತ್ತಿರುವ ಸಾಧ್ಯತೆಯಿದ್ದರೆ, ನಾವು ಸುಮ್ಮನಿರುವುದು ಅವರಿಗೆ ಬೇಸರದಂತೆ ತೋರುತ್ತದೆ. ಆಗ ಒಂದು ಸಾಲು ಬರೆಯುವುದೇ ಒಳ್ಳೆಯದು.

ಬರೆಯುವ ಮೊದಲು ಗಿಡ ಸತ್ತದ್ದು ಏಕೆಂದು ತಿಳಿದುಕೊಳ್ಳಬೇಕು. ನೀರು ಸಾಲದೆ ಹೋದ ಗಿಡದ ಎಲೆ ಒಣಗಿ ಗರಿಗರಿಯಾಗಿರುತ್ತದೆ, ಮಣ್ಣು ಕುಂಡದ ಅಂಚು ಬಿಟ್ಟು ಬಿರುಕುಬಿಟ್ಟಿರುತ್ತದೆ. ನೀರು ಹೆಚ್ಚಾಗಿ ಹೋದದ್ದರಲ್ಲಿ ಎಲೆ ಹಳದಿಯಾಗಿ ಮೆತ್ತಗಾಗಿರುತ್ತದೆ, ಬುಡ ಕೊಳೆತಿರುತ್ತದೆ. ನಮ್ಮ ಮನೆಯಲ್ಲಿ ಹೋದದ್ದು ಲೋಳೆಸರ. ಬುಡ ಕಂದಾಗಿ ನೀರೊಡೆದು, ಮುಟ್ಟಿದರೆ ಕೈಗೆ ಕಿತ್ತುಬರುವಂತಾಗಿತ್ತು. ಕಾರಣ ಹುಡುಕಬೇಕಾಗಿರಲಿಲ್ಲ: ‘ಎಲ್ಲ ಕುಂಡಗಳಿಗೂ ದಿನಾ ಎರಡು ತಂಬಿಗೆ’ ಎಂದು ಹೊರಡುವ ಮೊದಲು ಬರೆದಿಟ್ಟವಳು ನಾನೇ. ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು ಕೇಳುವ ಲೋಳೆಸರಕ್ಕೆ ದಿನವೂ ನೀರು ಬಿದ್ದಿತ್ತು, ಅಕ್ಕ ನಾನು ಬರೆದಂತೆಯೇ ನಡೆದುಕೊಂಡಿದ್ದರು. ಹಾಗಾಗಿ ಚೀಟಿಯಲ್ಲಿ ‘ಲೋಳೆಸರ ಹೋದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ’ ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಅದು ತಪ್ಪನ್ನು ಅವರದೆಂದು ಒಪ್ಪಿಕೊಂಡು ಕ್ಷಮಿಸಿದ ಹಾಗಿರುತ್ತದೆ. ತಪ್ಪು ಎಲ್ಲಿ ಆಯಿತೆಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಒಂದು ವೇಳೆ ಅವರಿಂದಲೇ ಏನಾದರೂ ತಪ್ಪಾಗಿದ್ದರೆ ಅದನ್ನು ಚೀಟಿಗೆ ತರಲೇಬಾರದು. ಕಾಗದದ ಮೇಲೆ ಉಳಿಯುವ ಆಕ್ಷೇಪಣೆಗೆ ಬಾಯಿಮಾತಿಗಿಂತ ಹೆಚ್ಚು ಆಯುಸ್ಸು.

ಬರೆದ ಚೀಟಿ

ಗೀಟು ಹಾಕಿದ ಅರ್ಧ ಹಾಳೆ ಇದಕ್ಕೆ ಸಾಕು. ಒಂದೇ ಬದಿಯಲ್ಲಿ ಮುಗಿಯಬೇಕು. ವಯಸ್ಸಾದವರಿಗೆ ಬರೆಯುವಾಗ ಅಕ್ಷರ ದೊಡ್ಡದಾಗಿರಲಿ, ಸಾಲುಗಳ ನಡುವೆ ಜಾಗವಿರಲಿ. ನಾನು ಕೊನೆಗೆ ಮೇ 20ರಂದು ಬರೆದದ್ದು ಹೀಗಿತ್ತು:

> ಅಕ್ಕಾ,
>
> ಮೊನ್ನೆ ರಾತ್ರಿ ಗೇಟು ತೆಗೆದಾಗ ತುಳಸಿಯ ಮುಂದೆ ಆ ದಿನದ ರಂಗೋಲಿ ಇತ್ತು. 46 ದಿನ ಬೀಗ ಹಾಕಿದ ಮನೆಗೆ ಬಂದೆವು ಎಂದು ನಮಗೆ ಅನ್ನಿಸಲೇ ಇಲ್ಲ.
>
> ಅಂಥೂರಿಯಂ ಕುಂಡಗಳನ್ನು ನೆರಳಿಗೆ ಇಡಬೇಕೆಂದು ನಾನು ಹೇಳಿರಲಿಲ್ಲ. ಎಲೆ ಸುಡುವುದನ್ನು ನೋಡಿ ನೀವೇ ಚಿಕ್ಕುಮರದ ಬುಡಕ್ಕೆ ಸಾಗಿಸಿದ್ದೀರಿ. ಈಗ ಆರರಲ್ಲೂ ಹೊಸ ಎಲೆ ಬಂದಿದೆ. ಅಟ್ಟದ ಮೇಲೆ ಭಾವ ಹಂಚು ಬದಲಿಸಿ ಬುಟ್ಟಿಗೆ ತಗಡು ಮುಚ್ಚದೇ ಇದ್ದಿದ್ದರೆ ಈ ಮಳೆಗಾಲಕ್ಕೆ ನಮ್ಮ ಅಂಗಳದಲ್ಲಿ ಒಂದೂ ಡೇರೆ ಹೂ ಇರುತ್ತಿರಲಿಲ್ಲ.
>
> ಲೋಳೆಸರ ಹೋದದ್ದು ನಾನು ಬರೆದಿಟ್ಟ ತಪ್ಪಿನಿಂದ. ಅದಕ್ಕೆ ದಿನಾ ನೀರು ಬೇಡವೆಂದು ಬರೆಯುವುದು ಬಿಟ್ಟುಹೋಗಿತ್ತು. ನೀವು ನಾನು ಹೇಳಿದಂತೆಯೇ ಮಾಡಿದ್ದೀರಿ.
>
> ನಿಮ್ಮ ಬಾವಿಯಲ್ಲೂ ನೀರು ಕಡಿಮೆಯಿದ್ದ ದಿನಗಳಲ್ಲಿ ನಮ್ಮ ಗಿಡಗಳಿಗೂ ಪಾಲು ಕೊಟ್ಟಿರಿ. ನಿಮ್ಮಿಂದ ನಮಗೆ ದೊಡ್ಡ ಉಪಕಾರವಾಯಿತು.
>
> ನಿಮ್ಮ ತಂಗಿ

ಇದರಲ್ಲಿ ಹುಡುಗನ ಹೆಸರು ಇಲ್ಲ. ಅವನಿಗೆ ಬೇರೆಯಾಗಿ ಎರಡು ಸಾಲಿನ ಚೀಟಿ ಬರೆದೆ: ಬಸಳೆ ಚಪ್ಪರದ ಮೇಲಿನ ತುದಿಯವರೆಗೂ ಹಬ್ಬಿರುವುದು ಅವನು ಹೊತ್ತ ಕೊಡಗಳಿಂದ ಎಂದು. ದೊಡ್ಡವರ ಚೀಟಿಯ ಕೊನೆಯಲ್ಲಿ ‘ಮಗನಿಗೂ ಹೇಳಿ’ ಎಂದು ಸೇರಿಸಿದರೆ ಅದು ಅವನಿಗೆ ತಲುಪುವುದೇ ಇಲ್ಲ. ನಿಜವಾಗಿ ಕೆಲಸ ಮಾಡಿದವರು ಮನೆಗೆಲಸದವರಾಗಿದ್ದರೂ ಹೀಗೆಯೇ. ಅವರಿಗೆ ಓದಲು ಬಾರದಿದ್ದರೆ ಹೋಗಿ ಎದುರಿಗೆ ನಿಂತು ಹೇಳಬೇಕು, ಅವರ ದಿನಗೂಲಿಯನ್ನು ಲೆಕ್ಕ ಹಾಕಿ ಕೊಡಬೇಕು.

ಬೀಗದ ಕೈ ಎಲ್ಲಿಟ್ಟಿದ್ದೆವು, ಯಾವ ಬಾಗಿಲಿನ ಚಿಲಕ ಸಡಿಲ, ಮುಂದೆ ಯಾವಾಗ ಊರಿನಲ್ಲಿ ಇರುವುದಿಲ್ಲ ಎಂಬ ವಿಷಯಗಳನ್ನು ಇಂಥ ಚೀಟಿಯಲ್ಲಿ ಬರೆಯಬಾರದು. ಚೀಟಿ ಅವರ ಮನೆಯ ಜಗಲಿಯ ಮೇಲೆ ನಾಲ್ಕು ದಿನ ಬಿದ್ದಿರುತ್ತದೆ, ಬಂದುಹೋಗುವವರು ಓದುತ್ತಾರೆ. ಫೋನಿನ ಸ್ಟೇಟಸ್‌ನಲ್ಲಿ ಅವರ ಹೆಸರು ಹಾಕಿ ಕೃತಜ್ಞತೆ ಹೇಳುವುದೂ ಇದೇ ಕಾರಣಕ್ಕೆ ಸರಿಯಲ್ಲ.

ಕರಾವಳಿಯಲ್ಲಿ ಸ್ವಲ್ಪ ಬೇರೆ

ಕಾರವಾರ, ಕುಮಟಾ, ಹೊನ್ನಾವರದ ಕಡೆ ಮಳೆಗಾಲದಲ್ಲಿ ಹೊರಗಿದ್ದು ಬಂದವರಿಗೆ ನೀರು ಹಾಕಿದ ವಿಷಯವೇ ಇರುವುದಿಲ್ಲ. ಅಲ್ಲಿ ನೋಡಬೇಕಾದ ಕುರುಹು ಗೋಡೆ ಮತ್ತು ಕಪಾಟಿನಲ್ಲಿ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಮನೆಯಲ್ಲಿ ಬಟ್ಟೆ, ಚಪ್ಪಲಿ, ಪುಸ್ತಕಗಳಿಗೆ ಬೂಷ್ಟು ಹಿಡಿಯದೇ ಇದ್ದರೆ, ಮಳೆ ಬಿಟ್ಟ ಹೊತ್ತು ನೋಡಿ ಯಾರೋ ಬಂದು ಕಿಟಕಿ ತೆರೆದು ಗಾಳಿಯಾಡಿಸಿ ಮತ್ತೆ ಮಳೆ ಬರುವ ಮೊದಲು ಮುಚ್ಚಿದ್ದಾರೆ ಎಂದೇ ಅರ್ಥ. ಕುಂಡಗಳ ವಿಷಯದಲ್ಲಿ ಅವರು ಮಾಡಿದ ಕೆಲಸವೂ ತಿರುವುಮುರುವಾಗಿರುತ್ತದೆ: ಕೆಳಗಿನ ತಟ್ಟೆಯ ನೀರು ಚೆಲ್ಲಿದ್ದು, ಕುಂಡಗಳನ್ನು ಸೂರಿನ ಒಳಗೆ ಸರಿಸಿದ್ದು.

ಕಾರವಾರದಲ್ಲಿ ನೆರೆಯವರ ಓದುವ ಭಾಷೆಯನ್ನೂ ಯೋಚಿಸಬೇಕಾಗುತ್ತದೆ. ಮನೆಯಲ್ಲಿ ಕೊಂಕಣಿ ಆಡುವವರಲ್ಲಿ ಹೆಚ್ಚಿನವರು ಕನ್ನಡ ಓದಬಲ್ಲರು, ಕೆಲವರಿಗೆ ದೇವನಾಗರಿ ಹೆಚ್ಚು ರೂಢಿ. ನೌಕಾನೆಲೆ ಅಥವಾ ಕೈಗಾದ ಕೆಲಸಕ್ಕಾಗಿ ಬೇರೆ ರಾಜ್ಯದಿಂದ ಬಂದವರು ಪಕ್ಕದ ಫ್ಲಾಟಿನಲ್ಲಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ನಾಲ್ಕು ಸಾಲು ಬರೆದರೂ ಸಾಕು.

ಕೊಡುವುದು

ಬಂದ ಎರಡು ಮೂರು ದಿನಗಳೊಳಗೆ ಚೀಟಿ ತಲುಪಬೇಕು. ಮೊದಲ ರಾತ್ರಿ ಬೇಡ, ಏಕೆಂದರೆ ಆಗ ನಾವು ಏನನ್ನೂ ನೋಡಿರುವುದಿಲ್ಲ. ವಾರ ಕಳೆದರೆ ಮಾತು ಆಗಲೇ ಹಳೆಯದಾಗಿರುತ್ತದೆ. ಅವರಿಂದ ಬೇರೇನಾದರೂ ಕೇಳಿ ತರುವ ಸಂದರ್ಭ ಬರುವುದಕ್ಕೆ ಮುಂಚೆಯೇ ಕೊಟ್ಟರೆ ಒಳ್ಳೆಯದು.

ಜೊತೆಗೆ ಏನಾದರೂ ಕೊಡುವುದಾದರೆ ಅವರು ಬಳಸುವಂಥದ್ದು, ಮರಳಿ ಕೊಡಬೇಕೆಂಬ ಭಾರ ಹೊರಿಸದಷ್ಟು ಸಣ್ಣದು ಇರಲಿ. ಅಟ್ಟದ ಮೇಲೆ ಸಿಕ್ಕಿದ ಬೋಗುಣಿ ಅಕ್ಕನದೇ ಆಗಿತ್ತು. ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದು ನಮ್ಮಲ್ಲಿ ರೂಢಿಯಲ್ಲ, ಹಾಗಾಗಿ ಅದನ್ನು ತೊಳೆದು, ಹಿತ್ತಿಲಿನ ಬಸಳೆಯ ಎರಡು ಕಟ್ಟು ಮತ್ತು ಪುಣೆಯಿಂದ ತಂದ ಒಂದು ಪೊಟ್ಟಣ ಸಿಹಿ ಇಟ್ಟು, ಮೇಲೆ ಚೀಟಿ ಮಡಚಿ ಇಟ್ಟುಕೊಂಡು ಹೋದೆ. ಚೀಟಿ ಕೊಟ್ಟು ಅಲ್ಲಿಯೇ ನಿಂತು ಅವರು ಓದಿ ಮುಗಿಸುವುದನ್ನು ಕಾಯಬಾರದು. ಎದುರಿಗೆ ಓದಬೇಕಾದಾಗ ಅವರಿಗೆ ಮುಜುಗರವಾಗುತ್ತದೆ.

‘ಇದೆಲ್ಲ ಎಂತಕ್ಕೆ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಉತ್ತರವಾಗಿ ಚೀಟಿಯಲ್ಲಿದ್ದದ್ದನ್ನೇ ಮತ್ತೆ ಹೇಳುವ ಬದಲು, ನಮ್ಮ ಕಡೆಯಿಂದ ಆಗಬೇಕಾದ ಒಂದು ಕೆಲಸವನ್ನು ಅಲ್ಲಿಯೇ ಗೊತ್ತುಮಾಡಿಕೊಂಡು ಬರುವುದು ಒಳ್ಳೆಯದು. ಜೂನ್‌ನಲ್ಲಿ ಎರಡು ಮಳೆ ಹಿಡಿದ ಮೇಲೆ ಬುಟ್ಟಿಯ ಗಡ್ಡೆಗಳಲ್ಲಿ ಅರ್ಧವನ್ನು ಅವರ ಅಂಗಳದಲ್ಲಿಯೇ ನೆಡುವುದೆಂದು ನಾವಿಬ್ಬರೂ ಆ ದಿನ ಮಾತಾಡಿಕೊಂಡೆವು. ಬೀಗದ ಕೈಯನ್ನು ಮಾತ್ರ ನಾನು ಕೇಳಲಿಲ್ಲ, ಅವರೂ ತಂದುಕೊಡಲಿಲ್ಲ. ಅದು ಇನ್ನೂ ಅವರ ದೇವರ ಮನೆಯ ಗೂಟದಲ್ಲಿಯೇ ಇದೆ.